ಮಳೆಗಾಲದ ಬಾಡಿಗೆ ಒಣಕಾಲದ ಕೂಲಿಯಲ್ಲಿದೆ

ಪ್ರಶ್ನೆ: "ನಮ್ಮನೆಯವರು ಮನೆಗಳಿಗೆ ಪೇಂಟಿಂಗ್ ಮಾಡ್ತಾರೆ. ದಿನಗೂಲಿ, ಶನಿವಾರ ಬಟವಾಡೆ. ಎಂಟು ತಿಂಗಳು ಕೈತುಂಬ ಕೆಲಸ. ಮಳೆ ಹಿಡಿದರೆ ನಾಲ್ಕು ತಿಂಗಳು ವಾರಕ್ಕೆ ಎರಡು ದಿನ ಸಿಕ್ಕರೆ ಪುಣ್ಯ. ಮೂರು ಸಲ ಬಜೆಟ್ ಪುಸ್ತಕ ಶುರು ಮಾಡಿದೆ, ಮೂರು ಸಲವೂ ಬಿಟ್ಟೆ. ಒಳ್ಳೆ ತಿಂಗಳಲ್ಲಿ ದುಡ್ಡು ಉಳಿದ ಹಾಗೇ ಕಾಣುತ್ತೆ, ಮಳೆಗಾಲದಲ್ಲಿ ಮತ್ತೆ ಕೈಸಾಲ. ಈಗ ಮಳೆ ನಿಂತು ಕೆಲಸ ಶುರುವಾಗಿದೆ. ಅವರ 15 ದಿನದ ಕೂಲಿಯಷ್ಟು ಸಾಲ ಉಳಿದಿದೆ, ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಸಂಬಳ ಇಲ್ಲದವರಿಗೆ ಬಜೆಟ್ ಆಗೋದೇ ಇಲ್ವಾ? ಮೊದಲು ಸಾಲ ತೀರಿಸಬೇಕಾ, ದುಡ್ಡು ಕೂಡಿಡಬೇಕಾ? ಹೋದ ವರ್ಷದ ಕೆಲಸದ ದಿನಗಳ ಲೆಕ್ಕ, ಖರ್ಚಿನ ಪಟ್ಟಿ ಎರಡೂ ಜೊತೆಗೆ ಕಳಿಸಿದ್ದೀನಿ."

ಉತ್ತರ: ಆಗುತ್ತದೆ. ಆದರೆ ನೀವು ಶುರು ಮಾಡಿದ್ದು ಸಂಬಳದವರ ಬಜೆಟ್. ಅದು ನಿಮ್ಮ ಮನೆಗೆ ಕೂರುವುದಿಲ್ಲ. ಮೂರು ಸಲ ಬಿಟ್ಟಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಕೂಲಿ ಕೆಲಸದವರ ಮನೆಗಳ ಲೆಕ್ಕ ನೋಡುವುದು ನನಗೆ ಎಷ್ಟೋ ವರ್ಷದಿಂದ ಅಭ್ಯಾಸ. ಅರ್ಧಕ್ಕೆ ನಿಂತ ಇಂಥ ಪುಸ್ತಕ ಸುಮಾರು ಎಲ್ಲ ಮನೆಯಲ್ಲೂ ಒಂದಾದರೂ ಇರುತ್ತದೆ. ಮೊದಲ ಪುಟದಲ್ಲಿ ಮೇಲೆ "ಈ ತಿಂಗಳ ಆದಾಯ" ಅಂತ ಬರೆದು ಖಾಲಿ ಬಿಟ್ಟಿರುತ್ತಾರೆ. ಅಲ್ಲೇ ಅದು ಕೆಡುವುದು. ತಿಂಗಳು ಮುಗಿಯುವ ತನಕ ಆ ಜಾಗದಲ್ಲಿ ಏನು ಬರೆಯಬೇಕೋ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಬರೆದು ಏನು ಪ್ರಯೋಜನ? ದುಡ್ಡು ಆಗಲೇ ಖರ್ಚಾಗಿರುತ್ತದೆ.

ಸಂಬಳದವರಿಗೆ ತಿಂಗಳು ಒಂದು ಅಳತೆ. ನಿಮಗೆ ಅದು ಬರೀ ಕ್ಯಾಲೆಂಡರಿನ ಹಾಳೆ. ನಿಮ್ಮ ಅಳತೆಗಳು ಎರಡೇ. ದುಡಿಮೆಗೆ ಇಡೀ ವರ್ಷ, ಖರ್ಚಿಗೆ ವಾರ. ನಡುವಿನ ತಿಂಗಳನ್ನು ಹಿಡಿದುಕೊಂಡರೆ ಒಳ್ಳೆ ತಿಂಗಳು ಸಾಹುಕಾರರ ಹಾಗೆ ಅನ್ನಿಸುತ್ತದೆ, ಕೆಟ್ಟ ತಿಂಗಳು ದಿವಾಳಿ ಎದ್ದ ಹಾಗೆ. ಎರಡೂ ನಿಜವಲ್ಲ.

ಒಂದು ವಿಷಯಕ್ಕೆ ನಿಮಗೆ ಥ್ಯಾಂಕ್ಸ್ ಹೇಳಬೇಕು. ಸಾಲವನ್ನು ನೀವು "15 ದಿನದ ಕೂಲಿಯಷ್ಟು" ಅಂತ ಬರೆದಿದ್ದೀರಿ. ಅದೇ ಸರಿಯಾದ ಅಳತೆ. ಇನ್ನು ಮುಂದೆ ಎಲ್ಲವನ್ನೂ ಹಾಗೇ ಲೆಕ್ಕ ಹಾಕೋಣ. ಒಂದು ದಿನದ ಕೂಲಿಗೆ ಸುಮ್ನೆ "ಕೂಲಿ" ಅನ್ನೋಣ. ಬಾಡಿಗೆ ಎಷ್ಟು ಅಂದರೆ 4 ಕೂಲಿ. ಹೀಗೆ ಹೇಳಿದಾಗ ಅದು ಎಷ್ಟು ದಿನದ ಬೆವರು ಅಂತ ನಿಮಗೂ ಗೊತ್ತಾಗುತ್ತದೆ, ನಿಮ್ಮ ಯಜಮಾನರಿಗೂ ಗೊತ್ತಾಗುತ್ತದೆ. ನಾಳೆ ಕೂಲಿ ಸ್ವಲ್ಪ ಏರಿದರೂ ಲೆಕ್ಕ ಪೂರ್ತಿ ಹಾಳಾಗುವುದಿಲ್ಲ.

ನೀವು ಕಳಿಸಿದ ದಿನಗಳನ್ನು ಕೂಡಿಸಿದೆ. ಒಣಕಾಲದ ಎಂಟು ತಿಂಗಳಲ್ಲಿ ಒಟ್ಟು 188 ದಿನ ಕೆಲಸ ಸಿಕ್ಕಿದೆ. ಮಳೆಯ ನಾಲ್ಕು ತಿಂಗಳಲ್ಲಿ 12, 7, 6, 11 ಸೇರಿ 36 ದಿನ. ವರ್ಷಕ್ಕೆ 224 ಕೂಲಿ.

ಈಗ ಖರ್ಚು. ಪ್ರತಿ ತಿಂಗಳೂ ತಪ್ಪದೆ ಬರುವುದು ಬಾಡಿಗೆ 4 ಕೂಲಿ, ಊಟದ ಸಾಮಾನು 7, ಗ್ಯಾಸು ಕರೆಂಟು ಫೋನು ಸೇರಿ ಒಂದೂವರೆ, ಓಡಾಟ ಒಂದೂವರೆ. ಒಟ್ಟು 14. ಇದು ಮಳೆ ಬಂದರೂ ನಿಲ್ಲುವುದಿಲ್ಲ, ಬಿಸಿಲು ಬಂದರೂ ಏರುವುದಿಲ್ಲ. ಇದಲ್ಲದೆ ವರ್ಷದಲ್ಲಿ ಒಮ್ಮೆಯೋ ಎರಡು ಸಲವೋ ಬರುವ ಖರ್ಚುಗಳಿವೆ. ಶಾಲೆ ಫೀಸು, ಪುಸ್ತಕ ಸೇರಿ 12. ಬಟ್ಟೆಬರೆ, ಮದುವೆ ಮುಂಜಿ, ನೆಂಟರ ಮನೆ ಅಂತ 10. ಡಾಕ್ಟರು, ಔಷಧಿ 10. ಬ್ರಶ್ಶು, ರೋಲರು, ಏಣಿ ರಿಪೇರಿಗೆ 4. ಅದು 36. ಈ ಎರಡನೇ ಗುಂಪನ್ನು ನೀವು ಪಟ್ಟಿಯ ಕೊನೆಗೆ "ಇತರೆ, ಬಂದಾಗ ನೋಡಿಕೊಳ್ಳೋದು" ಅಂತ ಬರೆದಿದ್ದೀರಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಿಂಗಳಿಗೆ 14ರಂತೆ ವರ್ಷಕ್ಕೆ 168. ಅದಕ್ಕೆ 36 ಸೇರಿದರೆ 204. ಬರುವುದು 224, ಹೋಗುವುದು 204. ನಿಮ್ಮ ಮನೆಯ ದುಡಿಮೆ ಮನೆಗೆ ಸಾಲುತ್ತದೆ. ಬಿಗಿಯಾಗಿದೆ, ಆದರೆ ಸಾಲುತ್ತದೆ. ಇದನ್ನು ಮೊದಲು ನೋಡಿಕೊಳ್ಳಲೇಬೇಕು. ವರ್ಷದ ಖರ್ಚು ವರ್ಷದ ದುಡಿಮೆಗಿಂತ ಜಾಸ್ತಿ ಇದ್ದರೆ ಯಾವ ಬಜೆಟ್ಟೂ ಕೈ ಹಿಡಿಯುವುದಿಲ್ಲ. ಆಗ ಬಾಡಿಗೆ ಕಮ್ಮಿ ಇರುವ ಮನೆಗೆ ಹೋಗಬೇಕು, ಇಲ್ಲವೇ ಮಳೆಗಾಲಕ್ಕೆ ಇನ್ನೊಂದು ಕೆಲಸ ಹುಡುಕಬೇಕು. ಡಬ್ಬಿಯಲ್ಲಿ ದುಡ್ಡು ಆಚೀಚೆ ಮಾಡಿದರೆ ಇಲ್ಲದ ದುಡ್ಡು ಹುಟ್ಟುವುದಿಲ್ಲ. ನಿಮ್ಮದು ಆ ಕಷ್ಟವಲ್ಲ. ನಿಮ್ಮದು ದುಡ್ಡು ಬರುವ ಹೊತ್ತಿಗೂ ಬೇಕಾಗುವ ಹೊತ್ತಿಗೂ ಹೊಂದಿಕೆ ಆಗದ ಕಷ್ಟ.

ಸರಿ, ಹಾಗಾದರೆ ಒಳ್ಳೆ ತಿಂಗಳಲ್ಲಿ ಉಳಿದ ಹಾಗೆ ಕಾಣುವ ದುಡ್ಡು ಎಲ್ಲಿ ಹೋಗುತ್ತಿದೆ? ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು ಅದೇ. ಒಣಕಾಲದಲ್ಲಿ ತಿಂಗಳಿಗೆ ಸರಾಸರಿ ಇಪ್ಪತ್ತಮೂರೂವರೆ ಕೂಲಿ ಬರುತ್ತದೆ, 14 ಹೋಗುತ್ತದೆ. ಒಂಬತ್ತೂವರೆ ಮಿಗುತ್ತದೆ. ಯಾರಿಗಾದರೂ ಉಳಿದಿದೆ ಅಂತಲೇ ಅನ್ನಿಸುತ್ತದೆ, ಅಲ್ವಾ? ಆದರೆ ಮಳೆಗಾಲದ ನಾಲ್ಕು ತಿಂಗಳಿಗೆ 56 ಕೂಲಿ ಬೇಕು, ಆಗ ಬರುವುದು 36. ಆ 20ರ ಕೊರತೆಯನ್ನು ಒಣಕಾಲದ ಎಂಟು ತಿಂಗಳು ತುಂಬಿಕೊಡಬೇಕು. ತಿಂಗಳಿಗೆ ಎರಡೂವರೆ ಅಲ್ಲಿಗೆ ಹೋಯಿತು. ವರ್ಷದ ಖರ್ಚಿನ 36 ಕೂಡ ಈ ಎಂಟು ತಿಂಗಳಲ್ಲೇ ಕೂಡಬೇಕು. ತಿಂಗಳಿಗೆ ನಾಲ್ಕೂವರೆ ಅದಕ್ಕೆ. ಉಳಿದದ್ದು ಎರಡೂವರೆ.

ಅಂದರೆ ಕೈಯಲ್ಲಿ ಮಿಕ್ಕ ಒಂಬತ್ತೂವರೆ ಕೂಲಿಯಲ್ಲಿ ನಿಜವಾಗಿ ಮಿಕ್ಕದ್ದು ಎರಡೂವರೆ ಮಾತ್ರ. ಉಳಿದ ಏಳಕ್ಕೆ ಆಗಲೇ ಬೇರೆ ಬೇರೆ ಹೆಸರು ಬಿದ್ದಿದೆ. ಮಳೆಗಾಲದ ಬಾಡಿಗೆ, ಮಗುವಿನ ಫೀಸು, ಜ್ವರದ ಔಷಧಿ ಎಲ್ಲ ಅದರೊಳಗೇ ಇವೆ. ಆ ಹೆಸರುಗಳು ಕಾಣದೇ ಇರುವುದರಿಂದ ಅದು ಉಳಿತಾಯದ ಹಾಗೆ ಕಾಣುತ್ತದೆ. ಆಗ ನೆಂಟರೊಬ್ಬರು ಬಂದು ಐದು ಕೂಲಿಯಷ್ಟು ಕೇಳಿದರೆ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಕಂತಿನಲ್ಲಿ ಒಂದು ವಸ್ತು ತಂದರೆ ತಪ್ಪು ಅನ್ನಿಸುವುದಿಲ್ಲ. ನೀವು ದುಂದು ಮಾಡಿದ್ದಲ್ಲ. ಮಳೆಗಾಲದ ದುಡ್ಡನ್ನು ಅದು ಯಾವುದಕ್ಕೆ ಅಂತ ಗೊತ್ತಿಲ್ಲದೆ ಖರ್ಚು ಮಾಡಿದ್ದೀರಿ, ಅಷ್ಟೇ.

ಇದಕ್ಕೆ ಮಾಡಬೇಕಾದ್ದು ಒಂದೇ ಕೆಲಸ. ನಿಮ್ಮ ಮನೆಗೆ ನೀವೇ ವಾರದ ಸಂಬಳ ಕೊಡಿ. ವರ್ಷದ 168 ಕೂಲಿಯನ್ನು 52 ವಾರಕ್ಕೆ ಹಂಚಿದರೆ ಹತ್ತಿರ ಹತ್ತಿರ ಮೂರೂಕಾಲು ಆಗುತ್ತದೆ. ಶನಿವಾರ ಬಟವಾಡೆ ಎಷ್ಟೇ ಬರಲಿ, ಆರು ದಿನದ್ದಾಗಲಿ ಎರಡು ದಿನದ್ದಾಗಲಿ, ಮನೆ ಖರ್ಚಿಗೆ ಕೈಗೆ ತೆಗೆದುಕೊಳ್ಳುವುದು ಮೂರೂಕಾಲು ಕೂಲಿ. ಅದರಲ್ಲಿ ಒಂದು ಕೂಲಿಯನ್ನು ಬಾಡಿಗೆಗೆ ಅಂತ ಅವತ್ತೇ ಬೇರೆ ಇಡಿ. ಮಿಕ್ಕ ಎರಡೂಕಾಲರಲ್ಲಿ ವಾರ ಸಾಗಬೇಕು. ಒಳ್ಳೆ ವಾರ ಅಂತ ಜಾಸ್ತಿ ತೆಗೆಯುವ ಹಾಗಿಲ್ಲ. ಕೆಟ್ಟ ವಾರ ಅಂತ ಕಮ್ಮಿ ತೆಗೆಯಬೇಕಾಗಿಯೂ ಇಲ್ಲ. ಹೊಟ್ಟೆ ಕಟ್ಟಿ ಮಾಡುವ ಬಜೆಟ್ ಎರಡು ತಿಂಗಳಿಗಿಂತ ಜಾಸ್ತಿ ನಡೆದದ್ದನ್ನು ನಾನು ನೋಡಿಲ್ಲ.

ಒಣಕಾಲದ ವಾರದಲ್ಲಿ ಮಿಗುವ ದುಡ್ಡನ್ನು ಬಟವಾಡೆ ಬಂದ ಸಂಜೆಯೇ ಮೂರು ಪಾಲು ಮಾಡಿ. ಅರ್ಧ ಕೂಲಿ ಮಳೆಗೆ. ಒಂದು ಕೂಲಿ ವರ್ಷದ ಖರ್ಚಿಗೆ. ಅರ್ಧ ಕೂಲಿ ಸಾಲಕ್ಕೆ ಮತ್ತು ಆಪತ್ತಿಗೆ. ಇಷ್ಟಕ್ಕೆ ವಾರದಲ್ಲಿ ಐದೂಕಾಲು ದಿನದ ಕೆಲಸ ಸಾಕು. ಆರನೇ ದಿನವೂ ಕೆಲಸ ಸಿಕ್ಕಿದರೆ ಆ ಹೆಚ್ಚಿನ ಮುಕ್ಕಾಲು ಕೂಲಿ ಪೂರ್ತಿ ಮಳೆಯ ಡಬ್ಬಿಗೆ ಹೋಗಲಿ, ಅದರಲ್ಲಿ 20 ಕೂಡುವ ತನಕ. ಆಮೇಲೆ ವರ್ಷದ ಡಬ್ಬಿಗೆ. ನಾಲ್ಕೇ ದಿನ ಕೆಲಸ ಸಿಕ್ಕ ವಾರದಲ್ಲಿ ಮಿಗುವುದು ಮುಕ್ಕಾಲು ಕೂಲಿ. ಅವತ್ತು ಸಾಲದ ಪಾಲನ್ನು ಬಿಡಿ, ಮಳೆಯ ಪಾಲನ್ನು ಬಿಡಬೇಡಿ.

ಇಲ್ಲಿ ಒಂದು ಎಚ್ಚರ. ಲೆಕ್ಕಕ್ಕೆ ಹಿಡಿಯಬೇಕಾದ್ದು ಕೈಗೆ ಬಂದ ಕೂಲಿ ಮಾತ್ರ. ಪೇಂಟಿಂಗ್ ಕೆಲಸದಲ್ಲಿ ಮೇಸ್ತ್ರಿ "ಮನೆಯವರು ಕೊಟ್ಟ ಮೇಲೆ ಕೊಡ್ತೀನಿ" ಅಂತ ನಾಲ್ಕೈದು ದಿನದ್ದು ಹಿಡಿದುಕೊಳ್ಳುವುದು ಉಂಟು. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಡಬ್ಬಿಯ ಲೆಕ್ಕಕ್ಕೆ ಸೇರಿಸಬೇಡಿ. ಬಂದ ದಿನ ಅದನ್ನೂ ಬಟವಾಡೆ ಅಂತಲೇ ಹಂಚಿ. ತಡವಾಗಿ ಬಂದ ದುಡ್ಡು ಸುಮ್ನೆ ಸಿಕ್ಕಿದ ದುಡ್ಡಿನ ಹಾಗೆ ಖರ್ಚಾಗಿಬಿಡುತ್ತದೆ. ಇದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಜನ ಹೇಳುವ ಕೆಲವು ಮಾತುಗಳನ್ನು ಈಗ ನೋಡೋಣ. "ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತು ಉಳಿಸಿ" ಅಂತ ಎಲ್ಲ ಕಡೆ ಹೇಳುತ್ತಾರೆ. ತಿಂಗಳ ಸಂಬಳದವರಿಗೆ ಅದು ಸರಿ ಇರಬಹುದು. ನಿಮಗೆ ಎರಡು ಕಡೆಯೂ ತಪ್ಪು. ಒಣಕಾಲದಲ್ಲಿ ಮಳೆಗೂ ವರ್ಷದ ಖರ್ಚಿಗೂ ಸೇರಿ ನೂರಕ್ಕೆ ಮೂವತ್ತರಷ್ಟು ತೆಗೆದಿಡಬೇಕು. ಇಪ್ಪತ್ತು ಸಾಲುವುದಿಲ್ಲ. ಮಳೆಗಾಲದಲ್ಲಿ ಒಂದು ಪೈಸೆಯನ್ನೂ ಉಳಿಸಬೇಕಾಗಿಲ್ಲ, ಉಳಿಸಲು ಆಗುವುದೂ ಇಲ್ಲ. ಕೂಡಿಟ್ಟದ್ದನ್ನು ತೆಗೆದು ಉಣ್ಣುವ ಕಾಲ ಅದು. ಆಗ ಡಬ್ಬಿ ಖಾಲಿಯಾಗುತ್ತಿದೆ ಅಂತ ಹೆದರಬೇಡಿ, ಅದು ಇದ್ದದ್ದೇ ಅದಕ್ಕೆ.

"ಪ್ರತಿ ಖರ್ಚನ್ನೂ ಬರೆಯಬೇಕು" ಅನ್ನುವುದು ಇನ್ನೊಂದು. ನಿಮ್ಮ ಮನೆಗೆ ಅದು ಬೇಡ. ಮೂರೂಕಾಲು ಕೂಲಿ ತೆಗೆದುಕೊಂಡಿರಿ ಅಂದ ಮೇಲೆ ಅದರಲ್ಲಿ ಸೋಪಿಗೆಷ್ಟು, ಸೊಪ್ಪಿಗೆಷ್ಟು ಅಂತ ಬರೆಯದಿದ್ದರೂ ನಡೆಯುತ್ತದೆ. ಬರೆಯಬೇಕಾದ್ದು ಕೆಲಸಕ್ಕೆ ಹೋದ ದಿನ, ದುಡ್ಡು ಬಂದ ದಿನ, ಮೂರು ಡಬ್ಬಿಯಲ್ಲಿರುವ ಮೊತ್ತ. ನನಗೆ ಗೊತ್ತಿರುವ ಒಬ್ಬ ತಾಯಿಗೆ ಓದು ಬರಹ ಅಷ್ಟಾಗಿ ಬಾರದು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗಂಡ ಕೆಲಸಕ್ಕೆ ಹೋದ ದಿನಕ್ಕೆ ಒಂದು ಅಡ್ಡಗೆರೆ ಎಳೆಯುತ್ತಾರೆ. ಕೂಲಿ ಕೈಗೆ ಬಂದಾಗ ಅದರ ಮೇಲೆ ಇನ್ನೊಂದು ಉದ್ದಗೆರೆ. ಅಡ್ಡಗೆರೆ ಮಾತ್ರ ಇದ್ದರೆ ಬಾಕಿ, ಕೂಡುವ ಗುರುತಿನ ಹಾಗೆ ಆಗಿದ್ದರೆ ಚುಕ್ತಾ. ಒಮ್ಮೆ ಮೇಸ್ತ್ರಿಯ ಜೊತೆ ಎರಡು ದಿನದ ತಕರಾರು ಬಂದಾಗ ಆ ಹಾಳೆಯನ್ನೇ ತೆಗೆದು ತೋರಿಸಿದರು. ಮೇಸ್ತ್ರಿ ಒಪ್ಪಿ ಕೊಟ್ಟರು. ಅಷ್ಟು ಲೆಕ್ಕ ಸಾಕು.

ಇನ್ನು ನಿಮ್ಮ ಪಟ್ಟಿಯ ಕೊನೆಯ "ಇತರೆ". ಮೂರು ಸಲ ಪುಸ್ತಕ ಬಿಡಿಸಿದ್ದು ಇದೇ ಅಂತ ನನ್ನ ಅಂದಾಜು. ಮಳೆಗಾಲದ ಕೊರತೆ 20 ಕೂಲಿ, ಈ "ಇತರೆ" 36. ಅಂದರೆ ನೀವು ಹೆದರುತ್ತಿದ್ದ ಮಳೆಗಿಂತ ಇದು ದೊಡ್ಡದು. ಆದರೂ ಪಟ್ಟಿಯಲ್ಲಿ ಇದಕ್ಕೆ ಸರಿಯಾದ ಜಾಗ ಇಲ್ಲ. ಜೊತೆಗೆ ಫೀಸು ಕಟ್ಟುವುದು ಮಳೆ ಶುರುವಾಗುವ ಹೊತ್ತಿಗೇ ಅಂತ ನಿಮ್ಮ ಲೆಕ್ಕದಿಂದ ಗೊತ್ತಾಗುತ್ತದೆ. ಕೆಲಸ ಕಮ್ಮಿಯಾಗುವ ತಿಂಗಳಲ್ಲೇ 12 ಕೂಲಿ ಒಟ್ಟಿಗೆ ಬೇಕು. ಆಗ ಮಳೆಗೆ ಇಟ್ಟ ದುಡ್ಡು ಫೀಸಿಗೆ ಹೋಗುತ್ತದೆ, ಮಳೆಗೆ ಸಾಲ ಮಾಡಬೇಕಾಗುತ್ತದೆ. ನೀವು ಮಳೆಯನ್ನು ದೂರುತ್ತೀರಿ, ನಿಜವಾಗಿ ದುಡ್ಡು ತಿಂದದ್ದು ಫೀಸು. ಅದಕ್ಕೇ ಎರಡು ಡಬ್ಬಿ ಬೇರೆ ಬೇರೆ ಇರಲಿ ಅನ್ನುವುದು. ಒಂದೇ ಡಬ್ಬಿಯಲ್ಲಿಟ್ಟರೆ ಮೊದಲು ಬಂದ ಖರ್ಚು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತದೆ.

ಸಾಲ ಮೊದಲೋ, ಕೂಡಿಡುವುದು ಮೊದಲೋ ಅಂತ ಕೇಳಿದ್ದೀರಿ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ ಮೂವತ್ತಾರು. ಯಾವ ಉಳಿತಾಯವೂ ಅಷ್ಟು ಬಡ್ಡಿ ಕೊಡುವುದಿಲ್ಲ. ಹಾಗಾಗಿ ಕಾಗದದ ಲೆಕ್ಕದಲ್ಲಿ ಸಾಲವೇ ಮೊದಲು. ಆದರೂ ನಾನು ಹಾಗೆ ಹೇಳುವುದಿಲ್ಲ. ಕೈಯಲ್ಲಿ ಏನೂ ಇಟ್ಟುಕೊಳ್ಳದೆ ಎಲ್ಲವನ್ನೂ ಸಾಲಕ್ಕೆ ಕಟ್ಟಿದರೆ, ಒಂದು ವಾರ ಕೆಲಸ ತಪ್ಪಿದರೂ ಅದೇ ಮನೆ ಬಾಗಿಲಿಗೆ ಮತ್ತೆ ಹೋಗಬೇಕು. ಆಗ ಬಡ್ಡಿ ನೂರಕ್ಕೆ ಮೂರೇ ಇರುತ್ತದೆ ಅಂತ ಹೇಳಲಾಗದು.

ಅದಕ್ಕೇ ಮೊದಲ ಮೂರು ತಿಂಗಳು ಸಾಲಕ್ಕೆ ಬಡ್ಡಿ ಮಾತ್ರ ಕಟ್ಟಿ. 15 ಕೂಲಿಗೆ ತಿಂಗಳ ಬಡ್ಡಿ ಅರ್ಧ ಕೂಲಿಗಿಂತ ಸ್ವಲ್ಪ ಕಮ್ಮಿ. ತಿಂಗಳ ಎರಡೂವರೆಯಲ್ಲಿ ಅದು ಹೋಗಿ ಎರಡು ಕೂಲಿ ಮಿಗುತ್ತದೆ. ಮೂರು ತಿಂಗಳಿಗೆ 6 ಕೂಲಿ, ಹೆಚ್ಚುಕಮ್ಮಿ ಎರಡು ವಾರದ ಮನೆ ಖರ್ಚು. ಅದು ನಿಮ್ಮ ಆಪತ್ತಿನ ದುಡ್ಡು. ಅಲ್ಲಿಂದ ಮುಂದೆ ತಿಂಗಳ ಎರಡೂವರೆ ಕೂಲಿಯೂ ಸಾಲಕ್ಕೆ. ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ. ಐದು ತಿಂಗಳು ಹೀಗೆ ಕಟ್ಟಿದರೆ ಮುಂದಿನ ಮಳೆ ಹಿಡಿಯುವ ಹೊತ್ತಿಗೆ ಸಾಲ 4 ಕೂಲಿಗೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಅದರ ಸಣ್ಣ ಬಡ್ಡಿಯನ್ನು ಆಪತ್ತಿನ ದುಡ್ಡಿನಿಂದ ಕಟ್ಟಿ. ಆಮೇಲಿನ ಒಣಕಾಲದ ಎರಡನೇ ತಿಂಗಳಲ್ಲಿ ಸಾಲ ಮುಗಿಯುತ್ತದೆ. ನಿಧಾನ ಅನ್ನಿಸಬಹುದು. ಆದರೆ ಈ ದಾರಿಯಲ್ಲಿ ಹೊಸ ಸಾಲ ಹುಟ್ಟುವುದಿಲ್ಲ.

ಇದೆಲ್ಲ ನಡೆಯಬೇಕಾದರೆ ಸಾಲ ಕೊಟ್ಟವರನ್ನು ಒಂದು ಮಾತು ಮೊದಲೇ ಕೇಳಬೇಕು. ಅಸಲಿನಲ್ಲಿ ಸ್ವಲ್ಪ ಸ್ವಲ್ಪ ಕಟ್ಟಿದರೆ ಬಡ್ಡಿ ಅಷ್ಟಕ್ಕೆ ಇಳಿಸುತ್ತೀರಾ? ಕೆಲವರು ಇಳಿಸುವುದಿಲ್ಲ. ಪೂರ್ತಿ ಅಸಲು ಒಟ್ಟಿಗೆ ಕೊಡುವ ತನಕ ಮೊದಲಿನ ಬಡ್ಡಿಯೇ ನಡೆಯುತ್ತದೆ ಅನ್ನುತ್ತಾರೆ. ಹಾಗಿದ್ದರೆ ಬಿಡಿಬಿಡಿಯಾಗಿ ಕೊಡಬೇಡಿ. ಅದನ್ನೂ ಬೇರೆ ಕೂಡಿಟ್ಟು ಒಂದೇ ಸಲ ಕೊಟ್ಟು ಬರೆಸಿಕೊಳ್ಳಿ. ಕೊಟ್ಟ ಪ್ರತಿ ಸಲವೂ ತಾರೀಖು ಹಾಕಿ ಸಹಿ ಹಾಕಿಸಿಕೊಳ್ಳಿ.

ಮಳೆ ಡಬ್ಬಿಯ ದುಡ್ಡು ಆರು ತಿಂಗಳು ಸುಮ್ಮನೆ ಕೂತಿರುತ್ತದಲ್ಲ, ಅದನ್ನೂ ಸಾಲಕ್ಕೆ ಕಟ್ಟಿ ಬಡ್ಡಿ ಉಳಿಸಬಾರದಾ ಅಂತ ನಿಮ್ಮ ಯಜಮಾನರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮೊದಲ ಎರಡು ಮೂರು ತಿಂಗಳ ಮಳೆ ಪಾಲನ್ನು ಹಾಗೆ ಕಟ್ಟಿದರೆ ಬಡ್ಡಿಯಲ್ಲಿ ಸುಮಾರು ಒಂದು ಕೂಲಿ ಉಳಿಯುತ್ತದೆ. ಆದರೆ ಆಮೇಲಿನ ತಿಂಗಳುಗಳಲ್ಲಿ ಅದನ್ನು ತಿರುಗಿ ತುಂಬಲೇಬೇಕು. ನಡುವೆ ಕೆಲಸ ಕಮ್ಮಿಯಾದರೆ ಮಳೆಗೆ ಬರಿಗೈಲಿ ನಿಲ್ಲುತ್ತೀರಿ. ಒಂದು ಕೂಲಿಗೋಸ್ಕರ ಮೊದಲ ವರ್ಷವೇ ಆ ಸಾಹಸ ಬೇಡ ಅಂತ ನನ್ನ ಸಲಹೆ.

ವಾರದ ಕಂತಿನ ಸಾಲ ತೆಗೆದು ಈ ಸಾಲ ತೀರಿಸುವ ಯೋಚನೆ ಬಂದರೆ ಒಂದು ಲೆಕ್ಕ ಹಾಕಿ ನೋಡಿ. ನೂರು ಕೊಡುತ್ತೇವೆ ಅಂತ ಹತ್ತು ಮುರಿದುಕೊಂಡು ತೊಂಬತ್ತು ಕೊಡುತ್ತಾರೆ. ವಾರಕ್ಕೆ ಹತ್ತರಂತೆ ಹತ್ತು ವಾರ ಕಟ್ಟಬೇಕು. ಹತ್ತೇ ತಾನೇ ಬಡ್ಡಿ ಅನ್ನಿಸುತ್ತದೆ. ಆದರೆ ಮೊದಲ ವಾರದಿಂದಲೇ ವಾಪಸ್ ಕಟ್ಟುತ್ತಾ ಬರುತ್ತೀರಿ. ಸರಾಸರಿ ನೋಡಿದರೆ ನಿಮ್ಮ ಕೈಯಲ್ಲಿ ಇದ್ದದ್ದು ಅರ್ಧ ದುಡ್ಡು, ಅದೂ ಎರಡೂವರೆ ತಿಂಗಳಿಗಿಂತ ಕಮ್ಮಿ. ವರ್ಷದ ಲೆಕ್ಕಕ್ಕೆ ತಂದರೆ ಬಡ್ಡಿ ನೂರಕ್ಕೆ ನೂರರಷ್ಟಾಗುತ್ತದೆ. ನಿಮ್ಮ ಈಗಿನ ಸಾಲ ಅದರ ಮೂರರಲ್ಲೊಂದು. ಮೇಲಾಗಿ ವಾರದ ಕಂತಿಗೆ ಮಳೆ ಅಂತ ವಿನಾಯಿತಿ ಇರುವುದಿಲ್ಲ.

ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಳ್ಳುವುದಕ್ಕೆ ಬಡ್ಡಿ ಇಲ್ಲ ಅಂತ ಅನೇಕರು ಮಳೆಗಾಲವನ್ನು ಹಾಗೇ ದಾಟುತ್ತಾರೆ. ಮುಂದಿನ ಒಣಕಾಲದ ಕೂಲಿಯನ್ನು ಈಗಲೇ ಉಂಡ ಹಾಗೆ ಅದು. ಇನ್ನೊಬ್ಬರು ಜಾಸ್ತಿ ಕೂಲಿಗೆ ಕರೆದರೂ ಮುಂಗಡ ತೀರುವ ತನಕ ಹೋಗಲು ಆಗುವುದಿಲ್ಲ. ಬಡ್ಡಿ ಅಲ್ಲಿ ಅಡಗಿದೆ.

ದುಡ್ಡನ್ನು ಎಲ್ಲಿಡುವುದು ಅನ್ನುವುದು ಸಣ್ಣ ವಿಷಯವಲ್ಲ. ಆಪತ್ತಿನ ದುಡ್ಡು ಮನೆಯಲ್ಲೇ ಕೈಗೆ ಸಿಗುವ ಹಾಗೆ ಇರಲಿ. ಮಳೆ ದುಡ್ಡು, ವರ್ಷದ ದುಡ್ಡು ಮನೆಯಲ್ಲಿ ಬೇಡ. ಕಳ್ಳರ ಭಯಕ್ಕಿಂತ ಜಾಸ್ತಿ, ಇದೆ ಅಂತ ಗೊತ್ತಾದ ದುಡ್ಡಿಗೆ ಕೇಳುವವರು ಹುಟ್ಟಿಕೊಳ್ಳುತ್ತಾರೆ. ದಿನದ ವಹಿವಾಟಿಗೆ ಬಳಸದ ಇನ್ನೊಂದು ಬ್ಯಾಂಕ್ ಖಾತೆ ಇಡಿ. ಅದಕ್ಕೆ ಕಾರ್ಡು ಬೇಡ, ಫೋನಿಗೆ ಜೋಡಿಸುವುದೂ ಬೇಡ. ತೆಗೆಯಬೇಕಾದರೆ ನಡೆದು ಹೋಗಿ ಸಾಲಿನಲ್ಲಿ ನಿಲ್ಲುವ ಹಾಗಿರಲಿ.

ಅದಕ್ಕಿಂತ ನನಗೆ ಇಷ್ಟವಾದ ಇನ್ನೊಂದು ದಾರಿ ಇದೆ. ಮಳೆಗಾಲದ ನಾಲ್ಕು ತಿಂಗಳ ಬಾಡಿಗೆ 16 ಕೂಲಿ. ಕೊರತೆ 20. ಅಂದರೆ ಕೊರತೆಯಲ್ಲಿ ಹೆಚ್ಚಿನದಕ್ಕೆ ಬಾಡಿಗೆಯೊಂದೇ ಸಮ. ಓನರ್ ಒಪ್ಪಿದರೆ ಮಳೆ ಡಬ್ಬಿಯಲ್ಲಿ ಒಂದು ತಿಂಗಳ ಬಾಡಿಗೆಯಷ್ಟು ಕೂಡಿದ ಹಾಗೆಲ್ಲ ಮುಂದಿನ ಮಳೆ ತಿಂಗಳಿಗೆ ಅಂತ ಮೊದಲೇ ಕೊಟ್ಟುಬಿಡಿ. ಕೊಟ್ಟ ದುಡ್ಡನ್ನು ಯಾರೂ ಸಾಲ ಕೇಳಲಾರರು, ನಾವೂ ತೆಗೆಯಲಾರೆವು. ಅಪಾಯ ಇಷ್ಟೇ. ನಡುವೆ ಮನೆ ಬಿಡಬೇಕಾಗಿ ಬಂದರೆ ಆ ದುಡ್ಡು ವಾಪಸ್ ಪಡೆಯುವುದು ಕಷ್ಟ. ಯಾವ ತಿಂಗಳ ಬಾಡಿಗೆ ಅಂತ ಸ್ಪಷ್ಟವಾಗಿ ಬರೆಸಿ ರಸೀತಿ ಇಟ್ಟುಕೊಳ್ಳಿ, ಒಂದೇ ಸಲ ಎರಡು ತಿಂಗಳಿಗಿಂತ ಜಾಸ್ತಿ ಕೊಡಬೇಡಿ. ಓನರ್ ಜೊತೆ ಸಂಬಂಧ ಸರಿಯಿಲ್ಲದಿದ್ದರೆ ಈ ದಾರಿಯೇ ಬೇಡ.

ಚೀಟಿ ಹಾಕುವುದಾದರೆ ಅದು ಮಳೆಗೆ ಮೊದಲು ಮುಗಿಯಬೇಕು. ಒಣಕಾಲದಲ್ಲಿ ಹುರುಪಿನಿಂದ ಹತ್ತು ಹನ್ನೆರಡು ತಿಂಗಳ ಚೀಟಿಗೆ ಸೇರಿ, ಮಳೆಯ ತಿಂಗಳಲ್ಲಿ ಕಂತು ಕಟ್ಟಲು ಸಾಲ ಮಾಡುವವರನ್ನು ನೋಡಿದ್ದೇನೆ. ಉಳಿತಾಯಕ್ಕೋಸ್ಕರ ಬಡ್ಡಿ ಕಟ್ಟಿದ ಹಾಗಾಯಿತು. ನಡೆಸುವವರು ನಂಬಿಕಸ್ಥರೋ ಅಲ್ಲವೋ ಅನ್ನುವ ಅಪಾಯ ಬೇರೆ.

ಲೆಕ್ಕ ಸರಿಯಾಗಿ ನಡೆಯುತ್ತಿದೆಯಾ ಅಂತ ತಿಳಿಯುವುದು ಸುಲಭ. ಒಣಕಾಲದ ನಾಲ್ಕನೇ ತಿಂಗಳ ಕೊನೆಗೆ ಮಳೆ ಡಬ್ಬಿಯಲ್ಲಿ, ಮುಂಗಡ ಕೊಟ್ಟ ಬಾಡಿಗೆಯೂ ಸೇರಿ, 10 ಕೂಲಿ ಇರಬೇಕು. ಆರೇಳು ಮಾತ್ರ ಇದ್ದರೆ ಮೊದಲು ಕ್ಯಾಲೆಂಡರ್ ನೋಡಿ. ಕೆಲಸದ ದಿನವೇ ಕಮ್ಮಿಯಾಗಿದ್ದರೆ ಅದು ಯಾರ ತಪ್ಪೂ ಅಲ್ಲ, ಬಟ್ಟೆ ನೆಂಟರಿಗೆ ಅಂತ ಇಟ್ಟ 10ರಲ್ಲಿ ಈ ವರ್ಷ ಕಡಿಮೆ ಮಾಡಬೇಕು. ದಿನಗಳು ಸರಿ ಇದ್ದೂ ದುಡ್ಡು ಕಮ್ಮಿ ಇದ್ದರೆ ವಾರದ ಮೂರೂಕಾಲು ಸಾಲುತ್ತಿಲ್ಲ ಅಂತ ಅರ್ಥ. ಪಟ್ಟಿಯಲ್ಲಿ ಯಾವುದೋ ಖರ್ಚು ಬಿಟ್ಟುಹೋಗಿದೆ.

ಅದು ಯಾವುದಿರಬಹುದು ಅಂತಲೂ ಹೇಳಬಲ್ಲೆ. ನಿಮ್ಮ ಪಟ್ಟಿಯಲ್ಲಿ ಯಜಮಾನರ ಕೈಖರ್ಚು ಇಲ್ಲ. ಕೆಲಸದ ಜಾಗದಲ್ಲಿ ಎರಡು ಸಲ ಟೀ, ತಿಂಡಿ, ಒಮ್ಮೊಮ್ಮೆ ಜೊತೆಯವರಿಗೂ ಸೇರಿಸಿ. ಇದು ಮನೆಗೆ ಬರುವ ಮೊದಲೇ ಹೋಗುವ ದುಡ್ಡು, ಹಾಗಾಗಿ ಪುಸ್ತಕಕ್ಕೆ ಬರುವುದೇ ಇಲ್ಲ. ಇದನ್ನು ಜಗಳದ ವಿಷಯ ಮಾಡಬೇಡಿ. ದಿನವಿಡೀ ಏಣಿಯ ಮೇಲೆ ನಿಂತವರಿಗೆ ಟೀ ಬೇಕು. ಇಬ್ಬರೂ ಕೂತು ವಾರಕ್ಕೆ ಇಷ್ಟು ಅಂತ ಒಪ್ಪಿಕೊಂಡು, ಬಟವಾಡೆ ದಿನ ಅದನ್ನು ಅವರ ಕೈಗೇ ಕೊಡಿ, ಲೆಕ್ಕ ಕೇಳಬೇಡಿ. ವಾರಕ್ಕೆ ಕಾಲು ಕೂಲಿ ಅಂತಿಟ್ಟರೂ ವರ್ಷಕ್ಕೆ 13 ಆಯಿತು. ನಿಮ್ಮ 20ರ ಮಿಗತೆಯಲ್ಲಿ ಅದು ದೊಡ್ಡ ಪಾಲು. ಈಗಲೇ ಸೇರಿಸಿ ಲೆಕ್ಕ ಹಾಕಿದರೆ ಸಾಲ ತೀರಲು ನಾನು ಹೇಳಿದ್ದಕ್ಕಿಂತ ಮೂರು ವರ್ಷಕ್ಕೂ ಜಾಸ್ತಿ ಹಿಡಿಯಬಹುದು. ಹಿಡಿಯಲಿ. ಸುಳ್ಳು ಲೆಕ್ಕಕ್ಕಿಂತ ಅದು ಎಷ್ಟೋ ವಾಸಿ.

ಈ ಲೆಕ್ಕದ ಮಿತಿಯನ್ನೂ ಹೇಳಿಬಿಡುತ್ತೇನೆ. ವರ್ಷದ ಕೆಲಸ ಹತ್ತರಲ್ಲೊಂದು ಪಾಲು ಕಮ್ಮಿಯಾದರೆ 224 ಇದ್ದದ್ದು 202ರ ಹತ್ತಿರ ಬರುತ್ತದೆ. ಖರ್ಚು 204. ಅಂದರೆ ಅಷ್ಟು ಕಮ್ಮಿಯಾದರೆ ಸಾಲ ತೀರಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಈ ವರ್ಷ ಯಾವುದೇ ಹೊಸ ಕಂತು ಬೇಡ, ಎಷ್ಟೇ ಸಣ್ಣದಾದರೂ. ಇನ್ನು ಏಣಿಯಿಂದ ಬಿದ್ದು ಎರಡು ತಿಂಗಳು ಕೂರುವಂತಾದರೆ ಹೋಗುವುದು 47 ಕೂಲಿ, ಆಸ್ಪತ್ರೆ ಖರ್ಚು ಬೇರೆ. ಯಾವ ಡಬ್ಬಿಯೂ ಅದನ್ನು ತಡೆಯಲಾರದು. ಅಪಘಾತದ ವಿಮೆ ಇರುವುದು ಅದಕ್ಕೇ. ವರ್ಷದ ಖರ್ಚಿನ ಪಟ್ಟಿಯಲ್ಲಿ ಅದರ ಕಂತಿಗೂ ಒಂದು ಜಾಗ ಮಾಡಿ. ಮಾಡಿಸುವ ಮೊದಲು ಎತ್ತರದಲ್ಲಿ ನಿಂತು ಮಾಡುವ ಕೆಲಸಕ್ಕೂ ಅನ್ವಯಿಸುತ್ತದಾ, ಕೆಲಸ ತಪ್ಪಿದ ದಿನಗಳಿಗೂ ಏನಾದರೂ ಕೊಡುತ್ತಾರಾ ಅಂತ ಕೇಳಿ ತಿಳಿದುಕೊಳ್ಳಿ.

ಮಳೆ ಈಗಷ್ಟೇ ನಿಂತಿದೆ ಅಂದಿರಿ. ಶುರು ಮಾಡಲು ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ. ಎಂಟು ತಿಂಗಳೂ ನಿಮ್ಮ ಮುಂದಿವೆ. ಎರಡು ತಿಂಗಳು ಬಿಟ್ಟು ಶುರು ಮಾಡಿದರೆ ಅದೇ 56 ಕೂಲಿಯನ್ನು ಆರೇ ತಿಂಗಳಲ್ಲಿ ಕೂಡಬೇಕಾಗುತ್ತದೆ. ಆಗ ತಿಂಗಳಿಗೆ ಏಳರ ಬದಲು ಒಂಬತ್ತಕ್ಕೂ ಜಾಸ್ತಿ ತೆಗೆದಿಡಬೇಕು, ಸಾಲಕ್ಕೆ ಏನೂ ಮಿಗದು.

ಮುಂದಿನ ಮಳೆಗಾಲ ಮುಗಿದಾಗ ಮಳೆ ಡಬ್ಬಿಯಲ್ಲಿ ಒಂದೆರಡು ಕೂಲಿ ಉಳಿದಿರಬಹುದು. ಕೆಲಸ ಇಲ್ಲದ ದಿನ ಓಡಾಟದ ಖರ್ಚು ಕಮ್ಮಿ, ಅದರಿಂದ ಉಳಿಯುವುದು ಅದು. ಕೆಲಸ ಶುರುವಾಯಿತಲ್ಲ ಅಂತ ಆ ವಾರವೇ ಅದನ್ನು ಖರ್ಚು ಮಾಡಬೇಡಿ. ಗೋಡೆ ಒಣಗಿ, ಮೇಸ್ತ್ರಿಗೆ ಕೆಲಸ ಕುದುರಿ, ಮೊದಲ ಬಟವಾಡೆ ಪೂರ್ತಿಯಾಗಿ ಕೈಗೆ ಬರಲು ಎರಡು ಮೂರು ವಾರ ಹಿಡಿಯುತ್ತದೆ. ಆ ವಾರಗಳಲ್ಲಿ ಮೂರೂಕಾಲು ಕೂಲಿಗೆ ಕಮ್ಮಿ ಬಿದ್ದದ್ದು ಅಲ್ಲಿಂದಲೇ ಬರಬೇಕು.